ಹತ್ತೂವರೆಗೆ ದೀಪ ಆರಬೇಕಾದರೆ

ಮಗಳಿಗೆ ಹನ್ನೊಂದು ತುಂಬಿತು, ನಾಲ್ವರು ಗೆಳತಿಯರು ಶನಿವಾರ ರಾತ್ರಿ ಮನೆಯಲ್ಲೇ ಉಳಿಯುತ್ತಾರೆ. ಬೆಂಗಳೂರಿನ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಇಂಥ ಸ್ಲೀಪ್‌ಓವರ್ ಈಗ ಮಾಮೂಲು. ಅಪ್ಪ ಅಮ್ಮಂದಿರು ಕೇಕು, ಪಿಜ್ಜಾ, ಸಿನಿಮಾ ಎಂದು ಸಂಜೆಯಿಂದ ಯೋಜನೆ ಶುರುಮಾಡುತ್ತಾರೆ. ನನ್ನ ಪ್ರಕಾರ ಮಲಗುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಈ ವಯಸ್ಸಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ದೀಪ ಹತ್ತೂವರೆಗೆ ಆರಿದರೂ ಪಿಸುಮಾತು ನಿಲ್ಲುವಾಗ ಹನ್ನೊಂದು ದಾಟಿರುತ್ತದೆ.

ಹಾಗಾಗಿ ಓಡಾಟದ ಆಟಗಳೆಲ್ಲ ಮೊದಲು. ಐದಕ್ಕೆ ಬಂದವರು ಏಳರವರೆಗೆ ಕೆಳಗೆ ಕಣ್ಣಾಮುಚ್ಚಾಲೆ ಆಡಲಿ, ಆಮೇಲೆ ತಮ್ಮ ಪಿಜ್ಜಾಕ್ಕೆ ತಾವೇ ತರಕಾರಿ, ಚೀಸ್ ಹಾಕಿಕೊಳ್ಳಲಿ. ಕೋಲಾ ಬೇಡ, ಅದರಲ್ಲಿರುವ ಕೆಫೀನ್ ನಿದ್ದೆ ಕೆಡಿಸುತ್ತದೆ. ಸಿನಿಮಾ ಎಂಟಕ್ಕೇ ಶುರುವಾಗಬೇಕು, ಅದೂ ದೆವ್ವದ್ದಲ್ಲ. ಹಗಲು ನಕ್ಕು ನೋಡಿದ ದೆವ್ವ ಕತ್ತಲಲ್ಲಿ, ಬೇರೆಯವರ ಮನೆಯಲ್ಲಿ ಬೇರೆಯೇ ಆಗಿ ಕಾಣುತ್ತದೆ.

ಹಾಸಿಗೆಯನ್ನು ಊಟಕ್ಕೆ ಮೊದಲೇ ಹಾಸಿಬಿಡಿ. ಯಾರ ಪಕ್ಕ ಯಾರು ಎಂಬುದು ಈ ವಯಸ್ಸಿನಲ್ಲಿ ದೊಡ್ಡ ವಿಷಯ. ರಾತ್ರಿ ಹನ್ನೊಂದಕ್ಕೆ ಆ ಜಗಳ ಎದ್ದರೆ ಒಬ್ಬಳು ಅಳುವುದು ಖಂಡಿತ. ಐವರಲ್ಲಿ ಜೋಡಿಗಳಾದರೆ ಒಬ್ಬಳು ಉಳಿಯುತ್ತಾಳೆ, ಅದಕ್ಕೇ ಚೀಟಿ ಎತ್ತಿಸಿ. ಹಾಲ್‌ನಲ್ಲಿ ಐದೂ ಹಾಸಿಗೆ ಸಾಲಾಗಿರಲಿ, ಬಾತ್‌ರೂಮಿಗೆ ಹೋಗುವ ದಾರಿ ತೆರವಾಗಿರಲಿ, ಅಲ್ಲೊಂದು ಸಣ್ಣ ದೀಪ ಉರಿಯುತ್ತಿರಲಿ.

ಬರುವ ಮಕ್ಕಳ ತಾಯಂದಿರಿಗೆ ಎರಡು ದಿನ ಮೊದಲೇ ಫೋನ್ ಮಾಡಿ. ಯಾವ ತಿಂಡಿ ಒಗ್ಗುವುದಿಲ್ಲ, ಯಾವ ಔಷಧಿ ಕೊಡಬೇಕು ಎಂದು ಕೇಳಿದ ಮೇಲೆ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆಯೇ ಎಂದೂ ಮೆಲ್ಲಗೆ ಕೇಳಿ. ಹನ್ನೊಂದಕ್ಕೂ ಕೆಲವರಿಗೆ ಅದಿರುತ್ತದೆ, ಯಾರಿಗೂ ಕಾಣದಂತೆ ಬದಲಾಯಿಸಲು ಒಂದು ಚಾದರ ಕೈಗೆಟುಕುವಂತಿರಲಿ. ಮುಟ್ಟು ಶುರುವಾಗುವ ವಯಸ್ಸೂ ಇದೇ, ಬಾತ್‌ರೂಮಿನಲ್ಲಿ ಪ್ಯಾಡ್ ಎಲ್ಲಿದೆ ಎಂದು ಬಂದೊಡನೆ ಎಲ್ಲರಿಗೂ ಹೇಳಿಬಿಡಿ.

ನಿಯಮ ಮೂರು ಸಾಕು. ಹೇಳದೆ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಒಬ್ಬಳನ್ನು ಬಿಟ್ಟು ಗುಟ್ಟು ಮಾತಾಡುವಂತಿಲ್ಲ. ಒಂಬತ್ತೂವರೆಗೆ ಎಲ್ಲರ ಫೋನೂ ಬುಟ್ಟಿಗೆ, ರಾತ್ರಿ ಉಡುಪಿನಲ್ಲಿ ಫೋಟೊ ಇಲ್ಲ. ಮನೆಗೆ ಮಾತಾಡಬೇಕೆಂದರೆ ನಿಮ್ಮ ಫೋನ್ ಕೊಡಿ.

ಸಿನಿಮಾ ಮುಗಿದೊಡನೆ ಮಲಗಿ ಎಂದರೆ ಯಾರೂ ಮಲಗುವುದಿಲ್ಲ. ದೊಡ್ಡ ದೀಪ ಆರಿಸಿ, ಹಲ್ಲುಜ್ಜಿಸಿ, ಅರ್ಧ ಗಂಟೆ ಕೂತಲ್ಲೇ ಮಾಡುವ ಕೆಲಸ ಕೊಡಿ: ದಾರ ಹೆಣೆದು ಕೈಪಟ್ಟಿ ಮಾಡುವುದು, ಇಲ್ಲವೇ ಹಾಸಿಗೆಯಲ್ಲೇ ಒಬ್ಬರು ಓದುವ ಕಥೆ. ಅಂತ್ಯಾಕ್ಷರಿ ಬೇಡ, ಅದು ಮತ್ತೆ ಗದ್ದಲಕ್ಕೆ ತಿರುಗುತ್ತದೆ.

ಮನೆ ನೆನಪಾಗುವುದು ದೀಪ ಆರಿದ ಮೇಲೆಯೇ. ಹೊಟ್ಟೆನೋವು ಎಂದೋ, ಮತ್ತೆ ಮತ್ತೆ ನೀರು ಬೇಕೆಂದೋ ಎದ್ದು ಬರುವ ಹುಡುಗಿಯ ಪಕ್ಕ ಹತ್ತು ನಿಮಿಷ ಕೂತು ನೋಡಿ. ಸಮಾಧಾನವಾಗದಿದ್ದರೆ ತಾಯಿಗೆ ಫೋನ್ ಮಾಡಿ. ನಡುರಾತ್ರಿಯಾದರೂ ಸರಿ, ಕರೆದುಕೊಂಡು ಹೋಗಲು ಬರುತ್ತೇವೆ ಎಂಬ ಮಾತನ್ನು ಆ ಮನೆಯವರಿಂದ ಮೊದಲೇ ಪಡೆದಿಟ್ಟುಕೊಳ್ಳಿ.