ಲ್ಯಾಪ್‌ಟಾಪ್‌ನಲ್ಲಿ ವೈ-ಫೈ 6 ಇದೆ, ರೂಟರ್‌ನಲ್ಲಿ?

ಹೊಸ ಲ್ಯಾಪ್‌ಟಾಪ್‌ನ ಗುಣವಿವರದಲ್ಲಿ ಈಗ ‘ವೈ-ಫೈ 6’ ಎಂಬ ಸಾಲು ಸಾಮಾನ್ಯ. ಅದನ್ನು ಮನೆಗೆ ತಂದು, ಹಳೆಯ ಪಾಸ್‌ವರ್ಡ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿದರೆ ಎಷ್ಟೋ ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪ್ ತೋರಿಸುತ್ತಿದ್ದ ಅಂಕಿಯೇ ಬರುತ್ತದೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ, ಅಂಗಡಿಯವರು ಸುಳ್ಳನ್ನೂ ಹೇಳಿಲ್ಲ. ವೈ-ಫೈ ಅನ್ನುವುದು ಎರಡು ಯಂತ್ರಗಳ ನಡುವಿನ ವ್ಯವಹಾರ. ಅದರಲ್ಲಿ ಒಂದನ್ನು ಮಾತ್ರ ಬದಲಿಸಿರುತ್ತೇವೆ.

ಮೊದಲು ಹೆಸರುಗಳ ವಿಷಯ. ಎಲ್ಲರ ಬಾಯಲ್ಲಿರುವ ವೈ-ಫೈ 4, 5, 6 ಎಂಬ ಅಂಕಿಗಳನ್ನು ವೈ-ಫೈ ಅಲಯನ್ಸ್ ಸಂಸ್ಥೆ ಕೊಟ್ಟದ್ದು 2018ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ತಂತ್ರಜ್ಞರ ಹೆಸರುಗಳು ಮಾತ್ರ: 2009ರ 802.11n ಈಗ ವೈ-ಫೈ 4, 2013ರ 802.11ac ಈಗ ವೈ-ಫೈ 5. ವೈ-ಫೈ 6 ಎಂದರೆ 802.11ax. ಅದಕ್ಕೆ ಪ್ರಮಾಣಪತ್ರ ಕೊಡುವುದು 2019ರಲ್ಲಿ ಶುರುವಾಯಿತು. ಕಂಪ್ಯೂಟರ್‌ನ ಪರದೆಯ ಮೇಲೆ ಇಂದಿಗೂ ಈ ಹಳೆಯ ಹೆಸರುಗಳೇ ಕಾಣುವುದರಿಂದ ಅವುಗಳನ್ನು ನೆನಪಿಟ್ಟುಕೊಳ್ಳಬೇಕು.

ಇಂಗ್ಲಿಷ್, ಕನ್ನಡ ಎರಡೂ ಬಲ್ಲ ಮೊಮ್ಮಗಳು ಕನ್ನಡ ಮಾತ್ರ ಬಲ್ಲ ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡುತ್ತಾಳಲ್ಲ, ಲ್ಯಾಪ್‌ಟಾಪ್ ಮತ್ತು ರೂಟರ್ ನಡೆದುಕೊಳ್ಳುವುದೂ ಹಾಗೆಯೇ. ಇಬ್ಬರಿಗೂ ಗೊತ್ತಿರುವುದರಲ್ಲಿ ಹೊಸದು ಯಾವುದೋ ಅದರಲ್ಲಿ ಸಂಪರ್ಕ ಏರ್ಪಡುತ್ತದೆ. ವೈ-ಫೈ 6 ಲ್ಯಾಪ್‌ಟಾಪನ್ನು ವೈ-ಫೈ 5 ರೂಟರ್‌ಗೆ ಜೋಡಿಸಿದರೆ ಸಿಗುವುದು ವೈ-ಫೈ 5. ಹೊಸ ರೂಟರ್, ಹಳೆಯ ಲ್ಯಾಪ್‌ಟಾಪ್ ಇದ್ದರೂ ಫಲ ಅದೇ. ಒಂದು ಕಡೆ ಮಾತ್ರ ವೈ-ಫೈ 6 ಇದ್ದರೆ ಅರ್ಧ ಲಾಭವಾದರೂ ಸಿಗಬಹುದೆಂದು ಹಲವರು ನಂಬಿರುತ್ತಾರೆ. ಅದಕ್ಕೆ ಮಾತ್ರ ಇರುವ ವಿದ್ಯೆಗಳ ಮಟ್ಟಿಗೆ ಆ ನಂಬಿಕೆ ಸರಿಯಲ್ಲ.

ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತಿದೆ ಎಂದು ನೋಡಲು ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಸಾಲನ್ನು ಟೈಪ್ ಮಾಡಿ:

```
netsh wlan show interfaces
```

ಬರುವ ಉತ್ತರದಲ್ಲಿ `Radio type` ಎಂಬುದರ ಮುಂದೆ 802.11ac ಎಂದಿದ್ದರೆ ಆ ಹೊತ್ತಿನ ಸಂಪರ್ಕ ವೈ-ಫೈ 5, 802.11ax ಎಂದಿದ್ದರೆ ವೈ-ಫೈ 6. ಕೆಳಗೆ `Receive rate (Mbps)` ಎಂದಿರುತ್ತದೆ. ಲ್ಯಾಪ್‌ಟಾಪ್ ಮತ್ತು ರೂಟರ್ ಒಪ್ಪಿಕೊಂಡಿರುವ ಲಿಂಕ್ ವೇಗ ಅದು. ಲ್ಯಾಪ್‌ಟಾಪ್‌ಗೆ ಏನೇನು ಸಾಧ್ಯ ಎಂದು ತಿಳಿಯಲು `netsh wlan show drivers` ಎಂದು ಕೊಟ್ಟು, `Radio types supported` ಎಂಬ ಸಾಲಿನಲ್ಲಿ 802.11ax ಇದೆಯೇ ನೋಡಬೇಕು. ಮ್ಯಾಕ್‌ಬುಕ್ ಇರುವವರು `Option` ಕೀ ಒತ್ತಿ ಹಿಡಿದು ಮೇಲಿನ ವೈ-ಫೈ ಗುರುತನ್ನು ಕ್ಲಿಕ್ ಮಾಡಿದರೆ `PHY Mode` ಮತ್ತು `Tx Rate` ಎಂಬ ಹೆಸರಿನಲ್ಲಿ ಇವೇ ವಿವರಗಳು ಸಿಗುತ್ತವೆ.

ಈಗ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟ್ ಎಂದುಕೊಳ್ಳಿ. ಬ್ರಾಡ್‌ಬ್ಯಾಂಡ್ ಪ್ಲ್ಯಾನ್ 300 ಎಂಬಿಪಿಎಸ್. ಹಾಲ್‌ನಲ್ಲಿ ವೈ-ಫೈ 5 ರೂಟರ್, ಎದುರಿನ ಸೋಫಾದ ಮೇಲೆ ಎರಡು ಆಂಟೆನಾಗಳ ವೈ-ಫೈ 6 ಲ್ಯಾಪ್‌ಟಾಪ್. ಲಿಂಕ್ ವೇಗ ಸುಮಾರು 867 ಎಂದು ತೋರಿಸುತ್ತದೆ. ಇದರಲ್ಲಿ ನಿಜವಾಗಿ ಕೈಗೆ ಸಿಗುವುದು ಮೂರನೇ ಎರಡು ಭಾಗದ ಆಸುಪಾಸು. ಗಾಳಿಯಲ್ಲಿ ಸರದಿಗೆ ಕಾಯುವುದು, ಬಂದದ್ದಕ್ಕೆ ರಸೀದಿ ಕೊಡುವುದು, ತಪ್ಪಿದ್ದನ್ನು ಮತ್ತೆ ಕಳುಹಿಸುವುದು ಇವುಗಳಲ್ಲೇ ಉಳಿದ ಸಮಯ ಹೋಗುತ್ತದೆ. ಆದರೂ 550 ಎಂಬಿಪಿಎಸ್ ಆದಂತಾಯಿತು. ಹೊರಗಿನಿಂದ ಬರುವುದೇ 300. ಅಂದರೆ ಹಳೆಯ ರೂಟರ್ ಈ ಕೋಣೆಯಲ್ಲಿ ಇಂಟರ್ನೆಟ್ಟಿಗೆ ಅಡ್ಡಿಯೇ ಅಲ್ಲ.

ಅದೇ ಜಾಗದಲ್ಲಿ ವೈ-ಫೈ 6 ರೂಟರ್ ಇಟ್ಟರೆ ಲಿಂಕ್ ವೇಗ 1201ಕ್ಕೆ ಏರುತ್ತದೆ. ಶೇಕಡಾ 38ಕ್ಕೂ ಹೆಚ್ಚಿನ ಏರಿಕೆ. ಸ್ಪೀಡ್ ಟೆಸ್ಟ್ ಮಾತ್ರ ಮೊದಲಿನ ಹಾಗೆ 300ರ ಹತ್ತಿರವೇ ನಿಲ್ಲುತ್ತದೆ. ಈ ಏರಿಕೆ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ರೇಡಿಯೊ ಅಲೆಯ ಒಂದೊಂದು ಮಿಡಿತದಲ್ಲಿ ವೈ-ಫೈ 5 ಹೆಚ್ಚೆಂದರೆ 8 ಬಿಟ್ ತುಂಬುತ್ತದೆ, ವೈ-ಫೈ 6 ಹತ್ತನ್ನು ತುಂಬಬಲ್ಲದು. ಹೆಚ್ಚಳದ ದೊಡ್ಡ ಪಾಲು ಇದರದ್ದು. ಹಾಗೆ ಒತ್ತಿ ತುಂಬಿದ್ದನ್ನು ಬಿಡಿಸಿ ಓದಲು ಸಿಗ್ನಲ್ ಬಹಳ ಸ್ವಚ್ಛವಾಗಿರಬೇಕು. ರೂಟರ್ ಇರುವ ಕೋಣೆಯಲ್ಲೇ ಕೂತರೆ ಅದು ಸಾಧ್ಯ. ಎರಡು ಇಟ್ಟಿಗೆ ಗೋಡೆ ದಾಟಿ ಹಿಂದಿನ ಬೆಡ್‌ರೂಮಿಗೆ ಹೋದರೆ ಎರಡೂ ತಲೆಮಾರುಗಳು ಕಡಿಮೆ ಬಿಟ್‌ಗಳ ನಿಧಾನದ ಮಟ್ಟಕ್ಕೆ ಇಳಿಯುತ್ತವೆ, ವ್ಯತ್ಯಾಸ ತೀರಾ ಕಿರಿದಾಗುತ್ತದೆ. ಬೆಡ್‌ರೂಮಿನಲ್ಲಿ ಸಿಗ್ನಲ್ ಬರುವುದಿಲ್ಲ ಎಂಬ ಕಾರಣಕ್ಕೇ ವೈ-ಫೈ 6 ರೂಟರ್ ಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಹಣದಲ್ಲಿ ರೂಟರನ್ನು ಮನೆಯ ನಡುವಿಗೆ ತರುವ ಒಂದು ಉದ್ದ ಕೇಬಲ್ ಅಥವಾ ಬೆಡ್‌ರೂಮಿಗೊಂದು ಎರಡನೇ ಆ್ಯಕ್ಸೆಸ್ ಪಾಯಿಂಟ್ ಹೆಚ್ಚು ಕೆಲಸಕ್ಕೆ ಬರುತ್ತಿತ್ತು.

ಹೊಸ ರೂಟರ್‌ನ ವೇಗ ಕಣ್ಣಿಗೆ ಕಾಣುವುದು ಮನೆಯೊಳಗಿನ ವರ್ಗಾವಣೆಯಲ್ಲಿ. ಮದುವೆಯ ವಿಡಿಯೊ 20 ಜಿಬಿ ಇದೆ, ರೂಟರ್‌ಗೆ ಕೇಬಲ್‌ನಿಂದ ಜೋಡಿಸಿದ ಡೆಸ್ಕ್‌ಟಾಪ್‌ಗೆ ಅದನ್ನು ಕಳುಹಿಸಬೇಕು ಎಂದುಕೊಳ್ಳಿ. 20 ಜಿಬಿ ಎಂದರೆ 1,60,000 ಮೆಗಾಬಿಟ್. 550ರ ವೇಗದಲ್ಲಿ ಇದಕ್ಕೆ ಐದು ನಿಮಿಷಕ್ಕೆ ತುಸು ಕಡಿಮೆ ಬೇಕು. ವೈ-ಫೈ 6ರಲ್ಲಿ 800 ಸಿಕ್ಕರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು ಸಾಕು. ಇನ್ನೂ ದುಬಾರಿ ರೂಟರ್ ತಂದರೆ? ಡಬ್ಬದ ಮೇಲೆ ‘ಎಎಕ್ಸ್ 3000’ ಎಂದು ಬರೆದಿರುವ ರೂಟರ್‌ಗಳು ಸಾಮಾನ್ಯವಾಗಿ 80ರ ಬದಲು 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸಿ ಲಿಂಕ್ ವೇಗವನ್ನು 2402ಕ್ಕೆ ಒಯ್ಯುತ್ತವೆ. ಆ ಅಗಲವನ್ನು ಲ್ಯಾಪ್‌ಟಾಪ್‌ನ ಕಾರ್ಡ್ ಕೂಡ ಬಲ್ಲದಾಗಿರಬೇಕು. ಇಂಟೆಲ್‌ನ AX200, AX201 ಕಾರ್ಡ್‌ಗಳಿಗೆ ಅದು ಗೊತ್ತು. ವೈ-ಫೈ 6 ಎಂದೇ ಬರೆದುಕೊಂಡ ಹಲವು ಅಗ್ಗದ ಕಾರ್ಡ್‌ಗಳು 80ಕ್ಕೇ ನಿಲ್ಲುತ್ತವೆ. ಅಷ್ಟೆಲ್ಲ ಹೊಂದಿದರೂ ಕಡತ ಡೆಸ್ಕ್‌ಟಾಪ್ ತಲುಪುವುದು ರೂಟರ್‌ನ ಗಿಗಾಬಿಟ್ ಪೋರ್ಟಿನ ಮೂಲಕ. ಆ ಪೋರ್ಟಿನಿಂದ ಹೊರಬರುವುದು ಹೆಚ್ಚೆಂದರೆ 940 ಎಂಬಿಪಿಎಸ್. ಗಾಳಿಯಲ್ಲಿ 2402 ಇದ್ದು ತಂತಿಯಲ್ಲಿ 940 ಆದಾಗ ಅಡ್ಡಿಯಾಗುವುದು ರೂಟರ್‌ನ ವೈ-ಫೈ ಅಲ್ಲ, ಅದರ ಬೆನ್ನಿನ ಪೋರ್ಟು.

ಪೋರ್ಟಿನ ಇದೇ ತೊಂದರೆಯ ಇನ್ನೊಂದು ರೂಪವಂತೂ ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಪ್ಲ್ಯಾನ್ 200 ಅಥವಾ 300, ಲಿಂಕ್ ವೇಗವೂ 867, ಸ್ಪೀಡ್ ಟೆಸ್ಟ್ ಮಾತ್ರ ಎಷ್ಟು ಸಲ ಮಾಡಿದರೂ 93–95ರ ನಡುವೆ ಕೂತುಬಿಡುತ್ತದೆ. ಈ ಅಂಕಿಯನ್ನು ಕಂಡ ಕೂಡಲೇ ವೈ-ಫೈ ಮೇಲಿನ ಅನುಮಾನ ಬಿಡಬೇಕು. 100 ಎಂಬಿಪಿಎಸ್‌ನ ಎತರ್ನೆಟ್ ಪೋರ್ಟಿನಿಂದ ನಿಜವಾಗಿ ಸಿಗುವುದು ಇಷ್ಟೇ. ಅಗ್ಗದ ರೂಟರ್‌ಗಳಲ್ಲಿ ಗಿಗಾಬಿಟ್ ಪೋರ್ಟ್ ಇರುವುದಿಲ್ಲ. ಪೋರ್ಟ್ ಗಿಗಾಬಿಟ್ಟೇ ಆಗಿದ್ದರೂ ಫೈಬರ್ ಪೆಟ್ಟಿಗೆಯಿಂದ ರೂಟರ್‌ಗೆ ಬರುವ ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ಒಂದು ತುಂಡಾಗಿದ್ದರೆ ಸಂಪರ್ಕ ನಾಲ್ಕೇ ತಂತಿಗಳ ಮೇಲೆ 100ಕ್ಕೆ ಇಳಿಯಬಹುದು. ಹೊಸ ಕೇಬಲ್ ಹಾಕಿ ನೋಡುವುದು ಮೊದಲ ಕೆಲಸ. ರೂಟರ್ ಬದಲಿಸುವ ಮಾತು ಆಮೇಲೆ.

ಹಾಗಾದರೆ ವೈ-ಫೈ 6 ಯಾರಿಗೆ ನಿಜವಾಗಿ ಬೇಕು? ನನ್ನ ಪ್ರಕಾರ ಮೊದಲ ಸಾಲಿನಲ್ಲಿ ಬರುವವರು ಕಡಿಮೆ ಬೆಲೆಯ ಹಳೆಯ ಲ್ಯಾಪ್‌ಟಾಪ್ ಇರುವವರು. ಅವುಗಳಲ್ಲಿ ಹಲವಕ್ಕೆ ಒಂದೇ ಆಂಟೆನಾ, 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ವೈ-ಫೈ 4 ಕಾರ್ಡ್. ಲಿಂಕ್ ವೇಗ ಸಾಮಾನ್ಯವಾಗಿ 72 ದಾಟುವುದಿಲ್ಲ, ಕೈಗೆ ಬರುವುದು ನಲವತ್ತರ ಸುಮಾರು. ಜೊತೆಗೆ ಅಕ್ಕಪಕ್ಕದ ಮನೆಗಳ ರೂಟರ್‌ಗಳು, ಬ್ಲೂಟೂತ್, ಮೈಕ್ರೊವೇವ್ ಓವನ್ ಎಲ್ಲವೂ ಅದೇ 2.4ರಲ್ಲಿ ಗದ್ದಲ ಮಾಡುತ್ತವೆ. ಇಂಥ ಲ್ಯಾಪ್‌ಟಾಪ್‌ಗೆ ಎಷ್ಟು ದೊಡ್ಡ ರೂಟರ್ ತಂದರೂ ಪ್ರಯೋಜನವಿಲ್ಲ. ಬದಲಾಗಬೇಕಾದದ್ದು ಅದರೊಳಗಿನ ಕಾರ್ಡ್, ಮತ್ತು ಅನೇಕ ಮಾದರಿಗಳಲ್ಲಿ ಅದನ್ನು ಬದಲಿಸಬಹುದು.

ಹಿಂಬದಿಯ ಮುಚ್ಚಳ ತೆಗೆದರೆ ಬೆರಳಗಲದ ಕಾರ್ಡೊಂದು ಒಂದು ಸ್ಕ್ರೂವಿನಲ್ಲಿ ನಿಂತಿರುತ್ತದೆ, ಅದಕ್ಕೆ ತೆಳ್ಳನೆಯ ಆಂಟೆನಾ ತಂತಿಗಳು ಸಿಕ್ಕಿಸಿರುತ್ತವೆ. ಕೊಳ್ಳುವ ಮುನ್ನ ಮೂರು ಸಂಗತಿ ನೋಡಬೇಕು. ಕಾರ್ಡನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಆಂಟೆನಾ ತಂತಿ ಒಂದೇ ಇದ್ದರೆ ಎರಡು ಆಂಟೆನಾಗಳ ಕಾರ್ಡಿನ ಪೂರ್ತಿ ವೇಗ ಸಿಗುವುದಿಲ್ಲ. ಇನ್ನು AX201 ಎಂಬುದು ಅದಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್‌ಗಳ ಜೊತೆ ಮಾತ್ರ ಕೆಲಸ ಮಾಡುತ್ತದೆ. ನೋಡಲು ಹಾಗೇ ಇರುವ AX200 ಕಾರ್ಡ್ ಎಎಂಡಿ ಲ್ಯಾಪ್‌ಟಾಪ್‌ಗಳಲ್ಲೂ ನಡೆಯುತ್ತದೆ. ಒಂದೇ ಅಂಕಿಯ ವ್ಯತ್ಯಾಸಕ್ಕೆ ಹಣ ಕಳೆದುಕೊಳ್ಳುವವರು ಇಲ್ಲೇ ಎಡವುವುದು.

ವೈ-ಫೈ 5 ಬಳಸುವುದು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಅಂಥ ರೂಟರ್‌ನಿಂದ ದೂರ ಹೋಗಿ ಲ್ಯಾಪ್‌ಟಾಪ್ 2.4ಕ್ಕೆ ಇಳಿದಾಗ ಅಲ್ಲಿ ನಡೆಯುವುದು 2009ರ ವೈ-ಫೈ 4. ವೈ-ಫೈ 6 ಎರಡೂ ಕಡೆ ಇದೆ. ಆದರೆ ಡಬ್ಬದ ಮೇಲೆ ‘ಎಎಕ್ಸ್ 1500’ ಎಂದಿರುವ ರೂಟರ್‌ಗಳಲ್ಲಿ 2.4ರ ಭಾಗ ಸಾಮಾನ್ಯವಾಗಿ ಹಳೆಯ ವೈ-ಫೈ 4 ಆಗಿಯೇ ಉಳಿದಿರುತ್ತದೆ: 5ರಲ್ಲಿ 1201, 2.4ರಲ್ಲಿ 300, ಕೂಡಿಸಿ 1500. ‘ಎಎಕ್ಸ್ 1800’ರಲ್ಲಿ ಎರಡನೆಯದು 574, ಅಂದರೆ ಅದು ವೈ-ಫೈ 6. ಈ ಎರಡು ಸಂಖ್ಯೆಗಳ ಮೊತ್ತ ಯಾವ ಒಂದು ಲ್ಯಾಪ್‌ಟಾಪ್‌ಗೂ ಸಿಗುವ ವೇಗವಲ್ಲ.

ಗದ್ದಲದ ಮನೆಗೂ ಇದು ಉಪಯೋಗಿಯೇ. ವೈ-ಫೈ 5ರಲ್ಲಿ ಒಂದು ಪುಟ್ಟ ವಾಟ್ಸ್‌ಆ್ಯಪ್ ಸಂದೇಶಕ್ಕೂ ರೂಟರ್ ಇಡೀ ಚಾನೆಲನ್ನು ಆ ಕ್ಷಣಕ್ಕೆ ಒಂದೇ ಸಾಧನಕ್ಕೆ ಮೀಸಲಿಡುತ್ತದೆ. ವೈ-ಫೈ 6ಕ್ಕೆ 20 ಮೆಗಾಹರ್ಟ್ಸ್ ಚಾನೆಲನ್ನೇ ಒಂಬತ್ತು ಪಾಲುಗಳವರೆಗೆ ಹಂಚಿ ಒಂದೇ ಸಲಕ್ಕೆ ಹಲವರಿಗೆ ಕಳುಹಿಸುವುದು ಗೊತ್ತು. ವಿಡಿಯೊ ಕಾಲ್ ನಡುವೆ ತೊದಲುವುದು ಇದರಿಂದ ಕಡಿಮೆಯಾಗಬಹುದು. ಆದರೆ ಪಾಲು ಸಿಗುವುದು ವೈ-ಫೈ 6 ಇರುವ ಸಾಧನಗಳಿಗೆ ಮಾತ್ರ. ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ ಹೊಸದಾಗಿದ್ದು ಉಳಿದ ಫೋನ್, ಟೀವಿ, ಕ್ಯಾಮೆರಾ ಎಲ್ಲ ಹಳೆಯವಾದರೆ ಅವು ಮೊದಲಿನಂತೆ ಒಂದೊಂದಾಗಿ ಸರದಿ ತೆಗೆದುಕೊಳ್ಳುತ್ತವೆ, ಲ್ಯಾಪ್‌ಟಾಪ್ ಅವುಗಳ ಹಿಂದೆ ಕಾಯುತ್ತದೆ.

ರೂಟರ್ ಬದಲಿಸಿದ ದಿನ ಎದುರಾಗಬಹುದಾದ ಒಂದು ತೊಡಕನ್ನು ಹೇಳಲೇಬೇಕು. ಫೋನಿಗೆ ಕಾಣುವ ಹೊಸ ರೂಟರ್‌ನ ಹೆಸರು ಹಳೆಯ ಲ್ಯಾಪ್‌ಟಾಪ್‌ನ ಪಟ್ಟಿಯಲ್ಲಿ ಇರುವುದೇ ಇಲ್ಲ. ಇಂಟೆಲ್‌ನ ಕೆಲವು ವೈ-ಫೈ 5 ಕಾಲದ ಕಾರ್ಡ್‌ಗಳು ಹಳೆಯ ಡ್ರೈವರ್ ಇದ್ದಾಗ 802.11ax ರೂಟರನ್ನು ಗುರುತಿಸುತ್ತಲೇ ಇರಲಿಲ್ಲ. ಇದು ಡ್ರೈವರ್‌ನ ದೋಷ, ಕಾರ್ಡ್ ಸತ್ತಿರುವುದಿಲ್ಲ. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಟೆದರಿಂಗ್ ಆನ್ ಮಾಡಿ, ಹೊಸ ಡ್ರೈವರ್ ಹಾಕಿದರೆ ಹೆಸರು ಕಾಣಿಸಿಕೊಳ್ಳುತ್ತದೆ. ಅಷ್ಟು ಮಾಡುವವರೆಗೆ ಕೆಲಸ ನಿಲ್ಲಬಾರದು ಎಂದಿದ್ದರೆ ರೂಟರ್‌ನ ಸೆಟ್ಟಿಂಗ್‌ನಲ್ಲಿ 802.11ax ಆಫ್ ಮಾಡಿಡಬಹುದು. ಹಲವು ರೂಟರ್‌ಗಳಲ್ಲಿ ಆ ಆಯ್ಕೆ ಇದೆ. ಡ್ರೈವರ್ ಹಾಕಿದ ಮೇಲೆ ಅದನ್ನು ಮರೆಯದೆ ಮತ್ತೆ ಆನ್ ಮಾಡಬೇಕು, ಇಲ್ಲವಾದರೆ ಮನೆಯ ಹೊಸ ಲ್ಯಾಪ್‌ಟಾಪ್ ಕೂಡ ವೈ-ಫೈ 5ರಲ್ಲೇ ಉಳಿದುಬಿಡುತ್ತದೆ.