ಹೆಣ್ಣು ನೋಡಲು ಯಾವಾಗ ಬರಲಿ?

ಜಾತಕ ಕೂಡಿಬಂತು, ಫೋಟೊ ಒಪ್ಪಿಗೆಯಾಯಿತು, ವಿಚಾರಿಸಿದವರೂ ಒಳ್ಳೆಯ ಮಾತನ್ನೇ ಹೇಳಿದರು. ಇನ್ನುಳಿದಿರುವುದು ಹೆಣ್ಣಿನ ಮನೆಗೆ ಫೋನ್ ಮಾಡಿ ಒಂದು ದಿನ ಗೊತ್ತುಮಾಡುವ ಕೆಲಸ. ಐದು ನಿಮಿಷದ ಮಾತು ಅನ್ನಿಸುತ್ತದೆ. ಆದರೆ ಎರಡು ಮನೆಗಳು ಒಂದನ್ನೊಂದು ಮೊದಲು ಅಳೆಯುವುದೇ ಈ ಮಾತಿನಲ್ಲಿ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಬರುವುದು ಆಮೇಲೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗನ ಮನೆ ಮೈಸೂರು, ಹುಡುಗಿಯ ಮನೆ ಹಾಸನ. ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಬೇಕಾದವರು ಯಾರು? ಹುಡುಗನಂತೂ ಅಲ್ಲ. ಸಾಮಾನ್ಯವಾಗಿ ತಂದೆಯೇ ಮಾಡುತ್ತಾರೆ, ಆದರೆ ಸೋದರಮಾವ ಮಾಡಿದರೆ ಇನ್ನೂ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ತಂದೆಯ ಮಾತು ತೀರ್ಮಾನದಂತೆ ಕೇಳಿಸುತ್ತದೆ. ಮಾವನ ಮಾತಿಗೆ ಹಿಂದೆ ಮುಂದೆ ಸರಿಯಲು ಜಾಗವಿರುತ್ತದೆ. ಮೊದಲ ಫೋನಿನಲ್ಲಿ ಆತ ಆಡುವ ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ:

"ನಮಸ್ಕಾರ ಸರ್, ಮೈಸೂರಿಂದ ಮಾತಾಡ್ತಿದ್ದೀನಿ, ಹುಡುಗನ ಸೋದರಮಾವ. ಮಗೂ ಜಾತಕ ಕಳಿಸಿದ್ರಲ್ಲ, ನಮ್ಮ ಜೋಯಿಸರು ನೋಡಿ ಹೊಂದುತ್ತೆ ಅಂದ್ರು. ನಿಮಗೂ ಸರಿ ಅನ್ನಿಸಿದ್ರೆ, ನಿಮ್ಮ ಅನುಕೂಲ ನೋಡ್ಕೊಂಡು ಒಂದ್ಸಲ ಮನೆಗೆ ಬಂದು ಹೋಗೋಣ ಅಂತ. ಈಗಲೇ ಹೇಳ್ಬೇಕು ಅಂತೇನಿಲ್ಲ. ಮನೇಲಿ ಅಮ್ಮಾವ್ರನ್ನ, ಮಗೂನ ಕೇಳಿ, ಎರಡು ದಿನ ಬಿಟ್ಟು ತಿಳಿಸಿ."

ಈ ಮಾತಿನಲ್ಲಿ ದಿನದ ಹೆಸರೇ ಇಲ್ಲ. "ಬರೋ ಭಾನುವಾರ ಬರ್ತೀವಿ" ಎಂದುಬಿಟ್ಟರೆ ಹೆಣ್ಣಿನ ತಂದೆ ಆಗುವುದಿಲ್ಲ ಎನ್ನಲಾರರು, ಆಗುತ್ತದೆ ಎಂದು ಒಪ್ಪಿಕೊಂಡು ಪೇಚಾಡುತ್ತಾರೆ. ಅವರಿಗೆ ಆ ಎರಡು ದಿನ ಬೇಕೇ ಬೇಕು. ಮಗಳಿಗೆ ರಜೆ ಸಿಗುತ್ತದೆಯೇ ಎಂದು ಕೇಳಬೇಕು. ದೂರದ ದಾಯಾದಿಗಳಲ್ಲಿ ಸೂತಕವಿದ್ದರೆ ಅದು ಕಳೆಯಬೇಕು. ಮುಟ್ಟಿನ ದಿನಗಳನ್ನು ಪಾಲಿಸುವ ಮನೆಯಾದರೆ ತಾಯಿ ಮಾತ್ರ ಎಣಿಸಬಲ್ಲ ಲೆಕ್ಕವೊಂದಿರುತ್ತದೆ, ಅದನ್ನು ಯಾವ ತಂದೆಯೂ ಫೋನಿನಲ್ಲಿ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗಿಗೆ ಈ ಸಂಬಂಧ ಬೇಕೋ ಬೇಡವೋ ಎಂದು ಕೇಳಲು ಇರುವ ಕೊನೆಯ ಅವಕಾಶ ಅದು. "ಮನೇಲಿ ಒಂದ್ಮಾತು ಕೇಳಿ ಹೇಳ್ತೀನಿ" ಎಂಬ ಉತ್ತರ ಬಂದರೆ ಅದನ್ನು ತಾತ್ಸಾರವೆಂದು ತಿಳಿಯಬೇಡಿ. ವಾರ ಕಳೆದರೂ ಆ ಕಡೆಯಿಂದ ಫೋನ್ ಬರದಿದ್ದರೆ ಒಮ್ಮೆ ವಿಚಾರಿಸಬಹುದು. ಆಗಲೂ "ಇನ್ನೂ ಗೊತ್ತಾಗಿಲ್ಲ" ಎಂದರೆ ಅವರಿಗೆ ಮನಸ್ಸಿಲ್ಲ ಎಂದು ಅರ್ಥಮಾಡಿಕೊಂಡು ಸುಮ್ಮನಾಗುವುದು ಮರ್ಯಾದೆ.

ಇನ್ನು ದಿನ. ಪಿತೃಪಕ್ಷದಲ್ಲಿ ಈ ಮಾತನ್ನೇ ಎತ್ತುವುದಿಲ್ಲ. ಆಷಾಢ, ಧನುರ್ಮಾಸಗಳಲ್ಲಿ ಕೆಲವರು ಬೇಡ ಎನ್ನುತ್ತಾರೆ, ಕೆಲವರು ನೋಡಿ ಬಂದು ಮಾತುಕತೆಯನ್ನು ಮಾತ್ರ ಮುಂದಕ್ಕೆ ಹಾಕುತ್ತಾರೆ. ಅಮಾವಾಸ್ಯೆ, ಅಷ್ಟಮಿ, ನವಮಿ, ಮಂಗಳವಾರ ಬಿಡುವ ಮನೆಗಳು ಬಹಳ. ಇವನ್ನೆಲ್ಲ ಕಳೆದು, ಇಬ್ಬರ ಕಚೇರಿಯ ರಜೆಯನ್ನೂ ಕಳೆದರೆ ತಿಂಗಳಿಗೆ ಉಳಿಯುವುದು ಎರಡೋ ಮೂರೋ ಭಾನುವಾರ.

ಗಂಟೆಯ ವಿಷಯಕ್ಕೆ ಬಂದಾಗಲೇ ಸ್ವಾರಸ್ಯ. ಹಗಲನ್ನು ಎಂಟು ಭಾಗ ಮಾಡಿದರೆ ಒಂದು ಭಾಗ ರಾಹುಕಾಲ, ಅದು ಯಾವ ಭಾಗ ಎನ್ನುವುದು ವಾರಕ್ಕೊಂದರಂತೆ ಬದಲಾಗುತ್ತದೆ. ಭಾನುವಾರ ಅದು ಕೊನೆಯ ಭಾಗ. ಬೆಳಿಗ್ಗೆ 6ಕ್ಕೆ ಸೂರ್ಯೋದಯ, ಸಂಜೆ 6ಕ್ಕೆ ಅಸ್ತ ಎಂದು ಹಿಡಿದು ಕ್ಯಾಲೆಂಡರಿನಲ್ಲಿ 4.30ರಿಂದ 6 ಎಂದು ಅಚ್ಚು ಹಾಕಿರುತ್ತಾರೆ. ಜೂನ್ ತಿಂಗಳಲ್ಲಿ ನಮ್ಮಲ್ಲಿ ಹೊತ್ತು ಮುಳುಗುವುದು ಸುಮಾರು 6.45ಕ್ಕೆ, ಹಾಗಾಗಿ ಆಗ ನಿಜವಾದ ರಾಹುಕಾಲ ಶುರುವಾಗುವುದು 5 ಗಂಟೆ ದಾಟಿದ ಮೇಲೆ. ಪಂಚಾಂಗ ನೋಡುವ ಮನೆಗೂ ಕ್ಯಾಲೆಂಡರ್ ನೋಡುವ ಮನೆಗೂ ತಕರಾರು ಹುಟ್ಟುವುದು ಈ ಅರ್ಧ ಮುಕ್ಕಾಲು ಗಂಟೆಯಲ್ಲೇ. ಇದನ್ನು ನಂಬದವರೂ ಎದುರು ಮನೆಯವರು ನಂಬುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಕೇಳಲು ಕಾಸು ಖರ್ಚಿಲ್ಲ.

ಭಾನುವಾರ 3ರಿಂದ 4.30ರವರೆಗೆ ಗುಳಿಕಕಾಲ. ಆಗ ಮಾಡಿದ್ದು ಮತ್ತೆ ಮತ್ತೆ ನಡೆಯುತ್ತದೆ ಎಂಬ ನಂಬಿಕೆಯಿರುವುದರಿಂದ ಚಿನ್ನ ಕೊಳ್ಳುವವರಿಗೆ ಅದು ಇಷ್ಟ. ಹೆಣ್ಣು ನೋಡುವುದು ಮತ್ತೆ ಮತ್ತೆ ನಡೆಯಲಿ ಎಂದು ಯಾರು ತಾನೇ ಬಯಸುತ್ತಾರೆ! ಹೀಗೆ ಭಾನುವಾರದ ಮಧ್ಯಾಹ್ನ ಪೂರ್ತಿ ಕೈತಪ್ಪಿತು. 12ರಿಂದ 1.30 ಯಮಗಂಡಕಾಲ, ಅದು ಊಟದ ಹೊತ್ತೂ ಹೌದು. ಸಂಬಂಧ ಕುದುರುವವರೆಗೆ ಹೆಣ್ಣಿನ ಮನೆಯಲ್ಲಿ ಊಟ ಮಾಡಬಾರದು ಎಂಬ ಪದ್ಧತಿ ಹಲವು ಮನೆಗಳಲ್ಲಿದೆ. ಊಟದ ಹೊತ್ತಿಗೆ ಹೋದರೆ ಅವರು ಎಲೆ ಹಾಕದೆ ಬಿಡುವಂತಿಲ್ಲ, ಇವರು ಕೂರುವಂತಿಲ್ಲ. ಪದ್ಧತಿಯ ಮಾತು ಹಾಗಿರಲಿ, ಬೇಡ ಎನ್ನುವ ಮನಸ್ಸಾದರೆ ಉಂಡ ಮನೆಗೆ ಹೇಳುವುದಕ್ಕಿಂತ ಕಾಫಿ ಕುಡಿದ ಮನೆಗೆ ಹೇಳುವುದು ಸುಲಭ.

ಹಾಗಾಗಿ ನಮ್ಮ ಉದಾಹರಣೆಯಲ್ಲಿ ನಿಲ್ಲುವ ಸಮಯ ಭಾನುವಾರ ಬೆಳಿಗ್ಗೆ 10.30. ಹುಡುಗಿ ಶನಿವಾರ ರಾತ್ರಿ ಬೆಂಗಳೂರಿನಿಂದ ಬಂದು ಒಂದು ನಿದ್ದೆ ಮಾಡಿರುತ್ತಾಳೆ. ಸಂಜೆಯ ಬಸ್ಸಿಗೆ ವಾಪಸು ಹೊರಡಲೂ ಹೊತ್ತಿರುತ್ತದೆ. ಮೈಸೂರಿನಿಂದ ಹಾಸನ ಸುಮಾರು 120 ಕಿಲೋಮೀಟರ್, ದಾರಿಯಲ್ಲಿ ತಿಂಡಿಗೆ ನಿಂತರೂ 7ಕ್ಕೆ ಹೊರಟವರು 10.30ಕ್ಕೆ ತಲುಪುತ್ತಾರೆ. ಹನ್ನೆರಡಕ್ಕೆ ಮೊದಲು "ಹೋಗಿ ಬರ್ತೀವಿ" ಎಂದು ಏಳಬಹುದು.

ಎರಡನೆಯ ಫೋನಿನಲ್ಲಿ ಹೆಣ್ಣಿನ ತಂದೆ ಎರಡು ಭಾನುವಾರಗಳನ್ನು ಹೇಳಿ, "ನಿಮಗೆ ಯಾವುದು ಆಗುತ್ತೋ ನೋಡಿ" ಎಂದರೆ ಅದು ಲಕ್ಷಣವಾದ ಉತ್ತರ. ಆಗ ಮಾವ ತಾನಾಗಿಯೇ ಹೇಳಬೇಕಾದ ಮಾತೊಂದಿದೆ: "ನಾವು ಐದು ಜನ ಬರ್ತೀವಿ, ಭಾವ, ಅಕ್ಕ, ಹುಡುಗ, ನಾನು, ನಮ್ಮ ಮನೆಯವರು. ಊಟದ ಯೋಚನೆ ಮಾಡ್ಬೇಡಿ, ಬರೀ ಕಾಫಿ ಸಾಕು." ಎಷ್ಟು ಜನ ಎಂದು ಆ ಕಡೆಯವರು ಬಾಯಿಬಿಟ್ಟು ಕೇಳಲಾರರು. ಹೇಳದೆ ಹೋದರೆ ಆರು ಕುರ್ಚಿಯ ಮನೆಗೆ ಹತ್ತು ಜನ ನುಗ್ಗಿ, ಹುಡುಗಿಯ ಅಣ್ಣ ಪಕ್ಕದ ಮನೆಯಿಂದ ಕುರ್ಚಿ ಹೊರಬೇಕಾಗುತ್ತದೆ. ಅಷ್ಟಾದರೆ ಬೀದಿಗೆಲ್ಲ ಸುದ್ದಿ. ಈ ಸಂಬಂಧ ಕೂಡದೆ ಹೋದರೆ ಬೀದಿಯವರ ಪ್ರಶ್ನೆಗೆ ಉತ್ತರ ಕೊಡುವವಳು ಆ ಹುಡುಗಿಯೇ. ಮೂರು ಜನ ಹೋಗಬಾರದೆಂಬ ನಂಬಿಕೆಗೆ ಅಂಜಿ ನಾಲ್ಕನೆಯವರನ್ನು ಸೇರಿಸಿಕೊಳ್ಳುವವರಿದ್ದಾರೆ, ಅದು ಪರವಾಗಿಲ್ಲ. ಏಳೆಂಟು ಜನ ಮಾತ್ರ ಬೇಡ.

ಹೋದ ದಾರಿಗೆ ಸುಂಕವಿಲ್ಲವೆಂದು ಒಂದೇ ದಿನ ಎರಡು ಹೆಣ್ಣು ನೋಡುವ ಯೋಜನೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಅದು ಹೇಗೋ ತಿಳಿದೇ ತಿಳಿಯುತ್ತದೆ. ಕಾರಿನ ಚಾಲಕ ಬಾಯಿಬಿಡುತ್ತಾನೆ, ಇಲ್ಲವೇ ದಲ್ಲಾಳಿ ಹೇಳುತ್ತಾನೆ. ಮೊದಲ ಮನೆಯಲ್ಲಿ ಕೈಗಡಿಯಾರ ನೋಡಿಕೊಳ್ಳುವ ಹುಡುಗನ ತಂದೆಯನ್ನು ಕಂಡರೆ ಒಳಗಿನ ಹೆಂಗಸರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ದಿನ ತಪ್ಪಿಸಲೇಬೇಕಾದರೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸಬೇಡಿ. ದೊಡ್ಡವರು ಫೋನ್ ಮಾಡಿ ಕಾರಣ ಹೇಳಿ, ಆ ಮಾತಿನಲ್ಲೇ ಬದಲಿ ದಿನ ಕೇಳಲಿ. ಬದಲಿ ದಿನ ಕೇಳದ ಫೋನನ್ನು ಎದುರಿನವರು ಬೇಡವೆಂಬ ಉತ್ತರವಾಗಿಯೇ ತಿಳಿಯುತ್ತಾರೆ.

ಹೊರಡುವಾಗ ಎಲ್ಲರೂ "ಊರಿಗೆ ಹೋಗಿ ತಿಳಿಸ್ತೀವಿ" ಎನ್ನುತ್ತಾರೆ, ಯಾವಾಗ ಎಂದು ಮಾತ್ರ ಹೇಳುವುದಿಲ್ಲ. ಬರುವ ದಿನ ಗೊತ್ತುಮಾಡಿದ ಹಾಗೆಯೇ ಉತ್ತರ ಹೇಳುವ ದಿನವನ್ನೂ ಗೊತ್ತುಮಾಡಿ ಬನ್ನಿ. "ಗುರುವಾರ ನಾನೇ ಫೋನ್ ಮಾಡ್ತೀನಿ" ಎಂದರೆ ಸಾಕು. ಬೇಡ ಎನ್ನುವುದಾದರೂ ಗುರುವಾರ ಫೋನ್ ಮಾಡಿ ಹೇಳಿ. ಜಾತಕ ಕೂಡಲಿಲ್ಲ ಎಂಬ ಹಳೆಯ ನೆಪವನ್ನು ಮಾತ್ರ ಹೂಡಬೇಡಿ, ಹೊಂದುತ್ತದೆ ಎಂದು ಮೊದಲ ಫೋನಿನಲ್ಲಿ ನೀವೇ ಹೇಳಿದ್ದೀರಿ.