ಹದಿಮೂರು ಕಳೆದ ಮೇಲೆ ಬರೆಯುವ ಕಾಗದ

ಸಾವಿನ ಮನೆಗೆ ಹೋದವರು ಹೊರಡುವಾಗ ‘ಹೋಗಿ ಬರ್ತೇನೆ’ ಎನ್ನುವುದಿಲ್ಲ. ಮನೆಯವರೂ ‘ಬನ್ನಿ’ ಎಂದು ಕರೆಯುವುದಿಲ್ಲ, ಬಾಗಿಲ ತನಕ ಬಂದು ಕಳಿಸಿಕೊಡುವುದಿಲ್ಲ. ಬಂದವರು ಒಂದಿಷ್ಟು ಹೊತ್ತು ಕೂತು, ಸುಮ್ಮನೆ ಎದ್ದು ಹೋಗುತ್ತಾರೆ. ಇಂಥ ರೂಢಿಯಲ್ಲಿ ‘ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎಂಬ ಮಾತಿಗೆ ಜಾಗವೇ ಇಲ್ಲ. ಹಾಗೆಂದು ಉಪಕಾರವನ್ನು ಯಾರೂ ಮರೆಯುತ್ತಿರಲಿಲ್ಲ. ಇವತ್ತು ನಮ್ಮಪ್ಪನ ಚಟ್ಟಕ್ಕೆ ಬಿದಿರು ಕಡಿದವರ ಮನೆಯಲ್ಲಿ ನಾಳೆ ಅಂಥದೇ ಹೊತ್ತು ಬಂದರೆ, ಕತ್ತಿ ಹಿಡಿದು ಮೊದಲು ಹೋಗುವುದೇ ಅದಕ್ಕೆ ಉತ್ತರವಾಗಿತ್ತು. ಮಕ್ಕಳು ಅದೇ ಊರಲ್ಲಿ ಉಳಿದಷ್ಟು ಕಾಲ ಕಾಗದ ಬೇಕಾಗಲಿಲ್ಲ.

ಸಾವಿನ ಮನೆಯಿಂದ ಹೊರಡುತ್ತಿದ್ದ ಕಾಗದ ಬೇರೆ. ಅದು ಸುದ್ದಿಯ ಕಾಗದ. 1879ರ ಜುಲೈನಲ್ಲಿ ನಮ್ಮ ದೇಶದಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದ ಮೇಲೆ ದೂರದ ನೆಂಟರಿಗೆ ಸಾವಿನ ಸುದ್ದಿ ಮುಟ್ಟಿಸುವುದು ಬಡವರ ಕೈಗೂ ಎಟುಕಿತು. ಮಾಮೂಲು ಕಾಗದದ ತಲೆಯಲ್ಲಿರುವ ‘ಶ್ರೀ’ಕಾರ ಈ ಕಾರ್ಡಿನಲ್ಲಿ ಇರುತ್ತಿರಲಿಲ್ಲ, ‘ಕ್ಷೇಮ’ ಎಂಬ ಮಾತೂ ಇರುತ್ತಿರಲಿಲ್ಲ. ಓದಿದವರು ಅದನ್ನು ಹೊರಗೇ ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಮುಂದೆ ಊರೂರಿಗೆ ಅಚ್ಚುಕೂಟಗಳು ಬಂದಾಗ ಕಾರ್ಡಿನ ಜಾಗಕ್ಕೆ ಕಪ್ಪು ಅಂಚಿನ ಪತ್ರಿಕೆ ಬಂತು. ಆ ಕಪ್ಪು ಅಂಚು ಯುರೋಪಿನ ಶೋಕದ ಕಾಗದದ್ದು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಅಂಥ ಕಾಗದದಲ್ಲೇ ಪತ್ರ ಬರೆಯುತ್ತಿದ್ದಳು. ಅಂಚು ಅಲ್ಲಿಯದಾದರೂ ಒಳಗಿನ ಒಕ್ಕಣೆ ನಮ್ಮದೇ: ಇಂಥ ದಿನ ತಂದೆಯವರು ವೈಕುಂಠವಾಸಿಗಳಾದರು, ಇಂಥ ದಿನ ಸಮಾರಾಧನೆ, ಲಿಂಗಾಯತರ ಮನೆಯದಾದರೆ ಲಿಂಗೈಕ್ಯರಾದರು, ಶಿವಗಣಾರಾಧನೆ. ಸುದ್ದಿ ಇತ್ತು, ಕರೆ ಇತ್ತು. ಕೃತಜ್ಞತೆ ಅದರಲ್ಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಕೆಲಸವೇ ಮುಗಿಯದಿರುವಾಗ ಉಪಕಾರ ಮಾಡಿದವರ ಪಟ್ಟಿ ಹೇಗೆ ಪೂರ್ತಿಯಾದೀತು?

ಪೇಟೆಯಲ್ಲಿ ಕೃತಜ್ಞತೆ ಹೇಳುವ ಅಗತ್ಯ ಬೇರೆ ರೀತಿ ಬಂತು. ಆಸ್ಪತ್ರೆಯ ಡಾಕ್ಟರು, ಕಚೇರಿಯ ಸಹೋದ್ಯೋಗಿಗಳು, ಸಂತಾಪ ಸೂಚಿಸಿದ ಮುಖಂಡರು – ಇವರೆಲ್ಲರ ಮನೆಯ ಕಷ್ಟಕ್ಕೆ ಹೋಗಿ ನಿಲ್ಲಲು ಆಗುವುದಿಲ್ಲ. ಹಾಗಾಗಿ ದಿನಪತ್ರಿಕೆಯಲ್ಲಿ ಫೋಟೊ ಸಮೇತ ‘ಕೃತಜ್ಞತೆಗಳು’ ಎಂಬ ಜಾಹೀರಾತು ಕಾಣಿಸಿಕೊಂಡಿತು. ಜಾಹೀರಾತಿಗೆ ಜಾಗದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಮೊದಲು ದೊಡ್ಡ ಹೆಸರುಗಳನ್ನು ತುಂಬಿ, ಉಳಿದ ಒಂದು ಸಾಲಿನಲ್ಲಿ ‘ಹಾಗೂ ಸಮಸ್ತ ಬಂಧುಮಿತ್ರರಿಗೆ, ನೆರೆಹೊರೆಯವರಿಗೆ’ ಎಂದು ಮುಗಿಸುವ ಪದ್ಧತಿ ಹಾಗೆ ಬೆಳೆಯಿತು. ನಡುರಾತ್ರಿ ಮೊದಲು ಓಡಿಬಂದ ಪಕ್ಕದ ಮನೆಯವರು ಕೊನೆಯ ಸಾಲಿನ ಕೊನೆಯ ಪದವಾದರು. ಇದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಕಾಗದದ ರೂಪದಲ್ಲಿ ಮನೆಮನೆಗೆ ಹೋಗುವ ಕೃತಜ್ಞತೆಯನ್ನು ನಾನು ಹತ್ತಿರದಿಂದ ನೋಡಿದ್ದು ಸಾಗರದ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಕೊನೆಕೊಯ್ಲಿನ ಕಾಲದಲ್ಲಿ ಯಜಮಾನರು ತೀರಿಕೊಂಡರು. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕದಲ್ಲಿ. ಅವತ್ತು ಅಂಗಳದಲ್ಲಿ ಸುಲಿದ ಹಸಿ ಅಡಿಕೆ ರಾಶಿ ಬಿದ್ದಿತ್ತು. ಸುಲಿದ ಅಡಿಕೆಯನ್ನು ಹೊತ್ತಿಗೆ ಸರಿಯಾಗಿ ಚೊಗರು ನೀರಿನಲ್ಲಿ ಬೇಯಿಸಿ ಒಣಗಿಸದಿದ್ದರೆ ಬಣ್ಣ ಕೆಡುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಆಚೆ ಮನೆಯವರು ಯಾರನ್ನೂ ಕೇಳದೆ ಅಷ್ಟನ್ನೂ ಬುಟ್ಟಿಯಲ್ಲಿ ಹೊತ್ತೊಯ್ದು, ತಮ್ಮ ಹಂಡೆಯಲ್ಲಿ ಬೇಯಿಸಿ, ತಮ್ಮ ಅಟ್ಟದಲ್ಲೇ ಹರವಿದರು. ಇನ್ನೊಂದು ಮನೆಯವರು ದಹನಕ್ಕೆಂದು ತಮ್ಮ ಬೇಲಿಯ ಮಾವಿನ ಮರ ಕಡಿಸಿಕೊಟ್ಟರು. ಊಟದ ವಿಷಯ ಇನ್ನೂ ಸೂಕ್ಷ್ಮ. ಸೂತಕ ಆ ಮನೆಗಷ್ಟೇ ಅಲ್ಲ, ದಾಯಾದಿಗಳಿಗೂ ಇರುತ್ತದೆ. ಒಂದೇ ಕೇರಿಯ ನಾಲ್ಕು ಮನೆ ದಾಯಾದಿಗಳದ್ದಾದರೆ ಅನ್ನ ಸಾರು ಬರಬೇಕಾದ್ದು ಬೇರೆ ಗೋತ್ರದವರ ಮನೆಯಿಂದ.  ಅಂಥ ಒಂದು ಮನೆಯ ಅಕ್ಕ ಅಷ್ಟೂ ದಿನ ತೂಕುಪಾತ್ರೆಯಲ್ಲಿ ಊಟ ಕಳಿಸಿದರು.

ಇದೆಲ್ಲ ಮಗನಿಗೆ ಗೊತ್ತಾಗಿದ್ದು ಒಂದು ಉದ್ದ ನೋಟ್‌ಬುಕ್ಕಿನಿಂದ. ಕ್ರಿಯೆಗೆ ಕೂತ ಕರ್ತೃವಿಗೆ ಯಾರು ಬಂದರು, ಯಾರು ಏನು ತಂದರು ಎಂದು ನೋಡುವಷ್ಟು ಬಿಡುವಿರುವುದಿಲ್ಲ. ಜಗಲಿಯ ಮೂಲೆಯಲ್ಲಿ ಕೂತು ಸೋದರಳಿಯ ಬರೆದಿಟ್ಟಿದ್ದ: ಬಾಡಿಗೆ ಜೀಪು, ಬಾಳೆಲೆ, ಹಾಲು, ಪುರೋಹಿತರನ್ನು ಕರೆತಂದವರು. ಇಂಥದೊಂದು ಪುಸ್ತಕ ಇಲ್ಲದ ಮನೆಯಿಂದ ಬರುವ ಕಾಗದ ‘ಎಲ್ಲರ ಸಹಕಾರ’ ಎಂಬ ಮಾತಿನಲ್ಲೇ ನಿಂತುಬಿಡುತ್ತದೆ. ಓದಿದ ತಕ್ಷಣ ಅದು ತಿಳಿಯುತ್ತದೆ.

ಹತ್ತು, ಹನ್ನೊಂದು ಕಳೆದು, ಹನ್ನೆರಡರ ಸಪಿಂಡೀಕರಣ ಮುಗಿದು, ಹದಿಮೂರನೆಯ ದಿನ ಶುಭಸ್ವೀಕಾರವಾದ ಮೇಲೆಯೇ ಕಾಗದ ಬರೆಯಬೇಕು ಎಂದು ತಾಯಿ ಹೇಳಿದರು. ಕಾರಣ ಸರಳ. ಆಮೇಲೆ ಬರೆದದ್ದು ಸೂತಕದ ಕಾಗದವಲ್ಲ. ಅದಕ್ಕೆ ‘ಶ್ರೀ’ ಹಾಕಬಹುದು, ಪಡೆದವರು ಅದನ್ನು ಮನೆಯೊಳಗೆ ಇಟ್ಟುಕೊಳ್ಳಬಹುದು. ಹಿರಿಯ ಮಗ ಮೊದಲು ಬರೆದದ್ದು ಒಂದೇ ಒಕ್ಕಣೆ. ಅದನ್ನೇ ನಕಲು ಮಾಡಿ ಎಲ್ಲರಿಗೂ ಕೊಟ್ಟ, ಎರಡು ಮನೆ ಆಚೆಯ ಚಿಕ್ಕಪ್ಪನಿಗೂ. ಸಂಜೆ ಚಿಕ್ಕಪ್ಪ ಕಾಗದ ಹಿಡಿದು ಬಂದರು. “ಇದೆಂಥದೋ ಇದು? ನಂಗೂ ಸೂತಕ ಇತ್ತಲ್ಲ, ಸತ್ತಿದ್ದು ನನ್ನ ಅಣ್ಣ. ನಿಂಗೆ ನಾನು ಹೊರಗಿನವನಾದ್ನಾ?”

ಕೃತಜ್ಞತೆಯ ಕಾಗದ ಎಲ್ಲಿಯ ತನಕ ಹೋಗಬಹುದು ಎಂಬ ಗೆರೆ ಅಲ್ಲಿ ಕಂಡಿತು. ಸೂತಕ ಹಂಚಿಕೊಂಡವರಿಗೆ ಅದನ್ನು ಬರೆಯುವಂತಿಲ್ಲ, ಅವರೂ ದುಃಖದ ಒಡೆಯರೇ. ಮಗ ಚಿಕ್ಕಪ್ಪನ ಕೈಯಿಂದ ಕಾಗದ ವಾಪಸು ತೆಗೆದುಕೊಂಡ, ಮಿಕ್ಕ ಮೂರು ದಾಯಾದಿ ಮನೆಗಳಿಂದಲೂ ತಂದ. ಆಮೇಲೆ ಚಿಕ್ಕಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರ ಹೆಸರಿನಲ್ಲೂ ಹೊಸದಾಗಿ ಬರೆದ. ಆಚೆ ಮನೆಗೆ ಹೋದ ಕಾಗದ ಹೀಗಿತ್ತು:

“ಶ್ರೀ. ಪೂಜ್ಯರಾದ ಮಾವನವರಿಗೆ ಮತ್ತು ಅತ್ತೆಯವರಿಗೆ ನಮಸ್ಕಾರಗಳು. ಅಪ್ಪಯ್ಯನ ಕೆಲಸ ನಿರ್ವಿಘ್ನವಾಗಿ ಮುಗಿಯಿತು. ಅವತ್ತು ನಮಗೆ ಅಂಗಳದ ಅಡಿಕೆಯ ನೆನಪೇ ಇರಲಿಲ್ಲ. ನಿಮಗಿತ್ತು. ನಿಮ್ಮ ಸ್ವಂತ ಕೊಯ್ಲು ನಿಲ್ಲಿಸಿ ನಮ್ಮ ಅಡಿಕೆ ಬೇಯಿಸಿದಿರಿ ಎಂದು ಪುಸ್ತಕ ನೋಡಿ ತಿಳಿಯಿತು. ಅಪ್ಪಯ್ಯ ಇದ್ದಿದ್ದರೆ ನಿಮ್ಮ ಕೊಯ್ಲಿಗೆ ತಾವೇ ಬರುತ್ತಿದ್ದರು. ಈ ವರ್ಷ ನಿಮ್ಮ ಎರಡನೇ ಕೊಯ್ಲಿಗೆ ನಾನು ರಜೆ ಹಾಕಿ ಬರುತ್ತೇನೆ, ಚಿಕ್ಕಪ್ಪನ ಮನೆಯ ಆಳುಗಳೂ ಬರುತ್ತಾರೆ. ದಿನ ತಿಳಿಸಬೇಕು.”

ಊಟ ಕಳಿಸಿದ ಅಕ್ಕನಿಗೆ ಬರೆದದ್ದು ಇದಕ್ಕಿಂತ ಚಿಕ್ಕದು. ಅಮ್ಮನಿಗೆ ಖಾರ ಆಗದೆಂದು ಅವರ ಪಾಲಿನ ಸಾರನ್ನು ದಿನವೂ ಬೇರೆ ಪಾತ್ರೆಯಲ್ಲಿ ಕಳಿಸಿದ್ದು ಅದರಲ್ಲಿತ್ತು. ಕಿರಿಯ ಮಗ ಅಮೆರಿಕದಿಂದ ಬರುವುದರೊಳಗೆ ದಹನ ಮುಗಿದಿತ್ತು. ಫೋನಿನಲ್ಲಿ ಅವನಿಗೆ ಕೊನೆಯ ದರ್ಶನ ಮಾಡಿಸಿದ ಹುಡುಗನಿಗೆ ಅವನೇ ಬೇರೆ ಕಾಗದ ಬರೆದ.

ದೂರದ ನೆಂಟರಿಗೆ, ಅಪ್ಪನ ಹಳೆಯ ಸ್ನೇಹಿತರಿಗೆ ಮೊಬೈಲಿನಲ್ಲಿ ನಾಲ್ಕು ಸಾಲು ಹೋಯಿತು, ಅಷ್ಟು ಸಾಕಿತ್ತು. ಮೈಮುರಿದು ದುಡಿದ ಏಳು ಮನೆಗಳಿಗೆ ಮಾತ್ರ ಕೈಬರಹದ ಕಾಗದ ಹೋಯಿತು. ಅಂಚೆಗೆ ಹಾಕದೆ ಅಣ್ಣತಮ್ಮಂದಿರೇ ನಡೆದು ಹೋಗಿ ಕೊಟ್ಟರು. ಮಾವಿನ ಮರ ಕೊಟ್ಟವರು ಕಾಗದ ತೆಗೆದುಕೊಂಡರು, ಮರದ ಬದಲಿಗೆ ದುಡ್ಡಿನ ಮಾತೆತ್ತಿದಾಗ ಬಯ್ದು ಕಳಿಸಿದರು. ಮಳೆಗಾಲದಲ್ಲಿ ಅದೇ ಬೇಲಿಯಲ್ಲಿ ಎರಡು ಮಾವಿನ ಸಸಿ ನೆಟ್ಟುಕೊಡುವುದೆಂದು ಚಿಕ್ಕಪ್ಪ ಅಲ್ಲೇ ಒಪ್ಪಿಸಿದರು.